ಜೋಡಿ ಐದು

ಬೈಲಹೊಂಗಲದ ನೀಲಪ್ಪನಿಗೆ ಒಂದು ಕೆಟ್ಟ ಚಟವಿದೆ. ಕುಡಿಯುವವನಲ್ಲ, ಬೀಡಿ ಬಿಟ್ಟು ಬಹಳ ಕಾಲವಾಯಿತು, ಎಲೆ ಅಡಿಕೆಯೂ ಮದುವೆ ಮುಂಜಿಯಲ್ಲಿ ಮಾತ್ರ. ಅವನ ಚಟವೆಂದರೆ ಡಾಮಿನೊ ಆಟಕ್ಕೆ ಕೂತಾಗ ಉಳಿದವರ ಕೈಯಲ್ಲಿ ಯಾವ ಕಾಯಿ ಇದೆ ಎಂಬುದು ಗೊತ್ತಾಗಿಬಿಡುವುದು, ಗೊತ್ತಾದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಒದರಿಬಿಡುವುದು. ಗೆಲ್ಲುವುದರಲ್ಲಿ ಅವನಿಗೆ ಸುಖವಿಲ್ಲವೆಂದಲ್ಲ. ಆದರೆ ಆಟ ಮುಗಿಯುವ ಮೊದಲೇ "ಪರಪ್ಪಾ, ನಿನ್ನ ಹತ್ತರ ಆರು-ಎರಡು ಐತಿ, ಸುಮ್ನ ಯಾಕ ಮುಚ್ಚಿಟ್ಕೊಂಡಿ?" ಎಂದು ಹೇಳಿ, ಆ ಪರಪ್ಪನ ಮೋರೆ ಇಂಗು ತಿಂದ ಮಂಗನಂತಾಗುವುದನ್ನು ನೋಡುವುದರಲ್ಲಿ ಇರುವ ಸುಖವೇ ಬೇರೆ.

ನೀಲಪ್ಪ ಈ ಆಟ ಕಲಿತದ್ದು ಹಡಗಿನಲ್ಲಿ. ವಯಸ್ಸಿನಲ್ಲಿದ್ದಾಗ ಮುಂಬೈಗೆ ಹೋಗಿ, ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಎಣ್ಣೆ ಹಾಕುವ ಕೆಲಸಕ್ಕೆ ಸೇರಿ, ಅರ್ಧ ಆಯುಷ್ಯ ನೀರಿನ ಮೇಲೆ ಕಳೆದವನು. ಮಲಪ್ರಭೆಯ ಡ್ಯಾಮಿಗಿಂತ ದೊಡ್ಡ ನೀರು ನೋಡಿರದ ಊರಿನವರಿಗೆ ಸಮುದ್ರದ ಕತೆ ಹೇಳಿ ಹೇಳಿ ದಣಿದು, ಕೊನೆಗೆ ಬಜಾರದಲ್ಲಿ ಮಿಕ್ಸರ್, ಪಂಪ್ ಸೆಟ್ ರಿಪೇರಿಯ ಅಂಗಡಿ ಇಟ್ಟುಕೊಂಡ. ಹಡಗಿನಿಂದ ಬಂದ ಆಸ್ತಿಯೆಂದರೆ ಒಂದು ತಗಡಿನ ಡಬ್ಬಿ, ಅದರೊಳಗೆ ಬಿಳಿಯ ಮೈಯ ಮೇಲೆ ಕರಿಯ ಚುಕ್ಕೆಗಳಿದ್ದ ಡಾಮಿನೊ ಕಾಯಿಗಳು. ಆಡಿ ಆಡಿ ಈಗ ಬಿಳುಪು ಹಳದಿಯಾಗಿದೆ, ಚುಕ್ಕೆಗಳ ಕರಿ ಬಣ್ಣ ಅಲ್ಲಲ್ಲಿ ಹಾರಿದೆ. ಹೊಸದು ತರಿಸೋಣವೆಂದರೆ ನೀಲಪ್ಪ ಒಪ್ಪುವುದಿಲ್ಲ. ಹೆಂಡತಿ ಲಗಮವ್ವ ಹೇಳುವುದೇ ಬೇರೆ: "ಆ ಡಬ್ಬಿಗಿ ಮಾಡೋ ಆರೈಕಿ ನನಗ ಮಾಡಿದ್ರ ನಾ ಇನ್ನೂ ಹತ್ತು ವರ್ಷ ಹೆಚ್ಚಿಗಿ ಬದಕ್ತಿದ್ದೆ."

ಆಟ ನಡೆಯುವುದು ಮಾರುಕಟ್ಟೆಯಲ್ಲಿರುವ ಸಿದ್ಧಾರೂಢನ ಹತ್ತಿ ದಲಾಲಿಯ ಅಡತಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಹತ್ತಿಯ ಹಂಗಾಮು ಇಳಿದ ಮೇಲೆ ಮಧ್ಯಾಹ್ನ ಅಲ್ಲಿ ನೊಣ ಹೊಡೆಯುವುದಕ್ಕೂ ಜನರಿರುವುದಿಲ್ಲ. ಅಂಗಡಿಯ ಮಾಲೀಕ ಸಿದ್ಧಾರೂಢ, ಎಲ್ಲರ ಬಾಯಲ್ಲಿ ಸಾವ್ಕಾರ. ಅವನ ಜೊತೆಗಾರ ಮುರಗೋಡದ ವೀರಪ್ಪ. ನೀಲಪ್ಪನ ಜೊತೆಗಾರ, ಸವದತ್ತಿ ರಾಮದುರ್ಗದ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಪರಪ್ಪ. ನಾಲ್ವರು ಮೇಜಿನ ಸುತ್ತ ಕೂತರೆ ಸಾವ್ಕಾರನ ಎದುರಿಗೆ ವೀರಪ್ಪ, ನೀಲಪ್ಪನ ಎದುರಿಗೆ ಪರಪ್ಪ. ಸರದಿ ಸಾವ್ಕಾರನಿಂದ ಪರಪ್ಪನಿಗೆ, ಪರಪ್ಪನಿಂದ ವೀರಪ್ಪನಿಗೆ, ವೀರಪ್ಪನಿಂದ ನೀಲಪ್ಪನಿಗೆ ಬರುತ್ತದೆ.

ವೀರಪ್ಪನ ಬಗ್ಗೆ ಎರಡು ಮಾತು ಹೇಳಬೇಕು. ಅವನ ಕಸುಬು ಹತ್ತಿ ನೋಡುವುದು. ಗಾಡಿ ಬಂದು ನಿಂತರೆ ಒಂದು ಹಿಡಿ ಹತ್ತಿ ಕಿತ್ತು, ಬೆರಳಿನ ನಡುವೆ ಎಳೆದು, ಬಿಸಿಲಿಗೆ ಹಿಡಿದು, ಎಳೆ ಎಷ್ಟು ಉದ್ದ, ಬಣ್ಣ ಹೇಗಿದೆ, ಕಸ ಎಷ್ಟು ಎಂದು ಹೇಳುತ್ತಾನೆ. ವೀರಪ್ಪ ಹೇಳಿದರೆ ಕೊಳ್ಳುವವನೂ ಒಪ್ಪುತ್ತಾನೆ, ಮಾರುವವನೂ ಒಪ್ಪುತ್ತಾನೆ. ಅಷ್ಟು ನಂಬಿಕೆಯ ಮನುಷ್ಯ, ಆಟದಲ್ಲಿಯೂ ಹಾಗೆಯೇ ಕಟ್ಟುನಿಟ್ಟು. ಈ ಮೇಜಿನ ದೊಡ್ಡ ಕಾಯಿದೆ ಅವನೇ ಮಾಡಿದ್ದು: ಕೈಯಲ್ಲಿ ಹಾಕಬಹುದಾದ ಕಾಯಿ ಇಟ್ಟುಕೊಂಡು ಯಾರು ಪಾಸ್ ಎನ್ನುತ್ತಾರೋ ಅವರು ಎದ್ದು ಹೋಗಬೇಕು, ಮತ್ತೆ ಆ ಕುರ್ಚಿಯಲ್ಲಿ ಕೂಡಬಾರದು. "ಮರತ್ನಿ, ಕಣ್ಣ ತಪ್ತು ಅಂತ ಯಾರೂ ಹೇಳಬ್ಯಾಡ್ರಿ" ಎಂದು ಆ ದಿನ ವೀರಪ್ಪ ಮೇಜು ಕುಟ್ಟಿ ಹೇಳಿದ್ದ. "ಪಾಸ್ ಅನ್ನೋದು ಮಾತು ಕೊಟ್ಟಂಗ. ಅದ ಸುಳ್ಳಾದ್ರ ಲೆಕ್ಕ ಹಾಕೋರು ಏನ್ ಲೆಕ್ಕ ಹಾಕ್ಬೇಕು?"

ಮಾತೇನೋ ಸರಿ. ಈ ಆಟದ ಲೆಕ್ಕವೆಲ್ಲ ನಿಂತಿರುವುದೇ ಪಾಸಿನ ಮೇಲೆ. ಇಪ್ಪತ್ತೆಂಟು ಕಾಯಿ, ತಲೆಗೆ ಏಳು. ಪ್ರತಿ ಕಾಯಿಗೆ ಎರಡು ಮನೆ, ಮನೆಯಲ್ಲಿ ಖಾಲಿಯಿಂದ ಹಿಡಿದು ಆರರವರೆಗೆ ಚುಕ್ಕೆ; ಎರಡೂ ಮನೆಯಲ್ಲಿ ಒಂದೇ ಅಂಕಿ ಇದ್ದರೆ ಅದು ಜೋಡಿ. ಸಾಲಿನ ಎರಡು ತುದಿಯಲ್ಲಿ ಯಾವ ಅಂಕಿ ಇದೆಯೋ ಅದಕ್ಕೆ ಹೊಂದುವ ಕಾಯಿ ಕೂಡಿಸುತ್ತ ಹೋಗಬೇಕು. ಇಲ್ಲದಿದ್ದರೆ ಮೇಜಿಗೆ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು ಪಾಸ್ ಎನ್ನಬೇಕು. ಒಂದೊಂದು ಅಂಕಿ ಏಳೇ ಕಾಯಿಗಳ ಮೇಲೆ ಬರುತ್ತದೆ. ಮೇಜಿನ ಮೇಲೆ ಎಷ್ಟು ಬಿದ್ದವು, ನನ್ನ ಕೈಯಲ್ಲಿ ಎಷ್ಟಿವೆ ಎಂದು ಕಳೆದರೆ ಉಳಿದವು ಆ ಮೂವರ ಹತ್ತಿರ ಇರಲೇಬೇಕು. ಐದಕ್ಕೆ ಪಾಸ್ ಎಂದವನ ಹತ್ತಿರ ಐದಿಲ್ಲ. ಹೀಗೆ ಜರಡಿ ಹಿಡಿದಂತೆ ಹಿಡಿಯುತ್ತ ಹೋದರೆ ಕೊನೆಗೆ ಯಾರ ಹತ್ತಿರ ಏನಿದೆ ಎಂಬುದು ತಾನಾಗಿಯೇ ಉಳಿಯುತ್ತದೆ. ನೀಲಪ್ಪನ ಪ್ರಕಾರ ಇದರಲ್ಲಿ ಜಾಣತನವೇನೂ ಇಲ್ಲ, ಬರೀ ಎಚ್ಚರ. ಆದರೂ "ನನ್ನ ಲೆಕ್ಕ ತಪ್ಪಂಗಿಲ್ಲ" ಎಂದು ಅವನು ದಿನಕ್ಕೊಮ್ಮೆ ಹೇಳದೆ ಬಿಟ್ಟವನಲ್ಲ.

ಇಷ್ಟೆಲ್ಲ ಲೆಕ್ಕ ಬಂದರೂ ಆ ಕೋಣೆಯ ಗೋಡೆಯ ಮೇಲೆ ನೀಲಪ್ಪನ ಹೆಸರಿಲ್ಲ. ವರ್ಷಕ್ಕೊಮ್ಮೆ, ಯುಗಾದಿಗೆ ಮುಂಚೆ, ಹತ್ತು ಅಂಕದ ದೊಡ್ಡ ಆಟ. ಗೆದ್ದ ಜೋಡಿಯ ಹೆಸರನ್ನು ಪೇಂಟರ್ ಯುವರಾಜ ಬಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುತ್ತಾನೆ. ಅಲ್ಲಿ ಈವರೆಗೆ ಬರೆದದ್ದು ಸಿದ್ಧಾರೂಢ ಮತ್ತು ವೀರಪ್ಪ, ಕೆಳಗೆ ಮತ್ತೆ ಸಿದ್ಧಾರೂಢ ಮತ್ತು ವೀರಪ್ಪ. ಕಾರಣ ನೀಲಪ್ಪನ ಬಾಯಿ. ತಾನು ಲೆಕ್ಕ ಹಾಕಿದ್ದನ್ನು ತಾನೇ ಒದರಿ, ಎದುರು ಜೋಡಿಗೂ ದಾರಿ ತೋರಿಸಿಬಿಡುತ್ತಾನೆ. ಈ ವರ್ಷ ಪರಪ್ಪ ಮೊದಲೇ ಹೇಳಿಬಿಟ್ಟಿದ್ದ.

"ನೋಡಪಾ, ಈ ಸರ್ತಿ ನೀ ಬಾಯಿ ತಗದ್ರ ನಾ ಎದ್ದು ಹೋಗಾಂವ. ಬಸ್ಸಿನಾಗ ಬರದಿರ್ತಿತ್ತಲ್ಲ, ಡ್ರೈವರ್ ಜೋಡಿ ಮಾತಾಡಬಾರ್ದು ಅಂತ. ಹಂಗ ತಿಳಕೋ."

ದೊಡ್ಡ ಆಟದ ದಿನ ನೀಲಪ್ಪ ಬಾಯಿಗೆ ಬೀಗವೆಂದು ಲವಂಗ ಇಟ್ಟುಕೊಂಡು ಕೂತ. ಮುಂಜಾನೆ ಮನೆ ಬಿಡುವಾಗ ಲಗಮವ್ವನಿಗೂ ಹೇಳಿದ್ದ, "ಈ ವರ್ಷ ನನ್ನ ಹೆಸರು ಗ್ವಾಡಿ ಮ್ಯಾಲೆ ಬರಲಿಲ್ಲ ಅಂದ್ರ ಡಬ್ಬಿ ಮಲಪ್ರಭಾಕ್ಕ ಒಗದ ಬಿಡತೇನಿ." ಲಗಮವ್ವ, "ಒಗೀರಿ, ನಾನೂ ಬರತೇನಿ ನೋಡಾಕ" ಎಂದಿದ್ದಳು. ನಗೆಚಾಟಿಕೆ ಹಾಗಿರಲಿ, ಅವನಿಗೆ ಆ ಹೆಸರು ನಿಜವಾಗಿಯೂ ಬೇಕಿತ್ತು. ಹಡಗಿನಲ್ಲಿ ಅವನು ಎಣ್ಣೆ ಹಾಕಿದ ಎಂಜಿನ್ನುಗಳ ಮೇಲೆ ಯಾರೂ ಅವನ ಹೆಸರು ಬರೆಯಲಿಲ್ಲ. ರಿಪೇರಿ ಮಾಡಿದ ಮಿಕ್ಸರುಗಳ ಮೇಲೂ ಇಲ್ಲ. ಸ್ವಂತ ಊರಿನಲ್ಲಿ ಒಂದು ಗೋಡೆಯ ಮೇಲಾದರೂ ಇರಲಿ ಎಂದು ಆಸೆಪಟ್ಟರೆ ಅದು ದೊಡ್ಡ ಪಾಪವೇನಲ್ಲ.

ಲವಂಗ ಕೆಲಸ ಮಾಡಿತು. ಆಟ ಹಗ್ಗ ಜಗ್ಗಾಟದಂತೆ ನಡೆದು ಸಾವ್ಕಾರನ ಕಡೆ ಒಂಬತ್ತು, ನೀಲಪ್ಪನ ಕಡೆ ಎಂಟಕ್ಕೆ ಬಂತು. ಅಂಕದ ಲೆಕ್ಕ ಸರಳ. ಯಾರಾದರೂ ಕೈಯಲ್ಲಿದ್ದ ಕಾಯಿ ಪೂರ್ತಿ ಖಾಲಿ ಮಾಡಿದರೆ ಅವರ ಜೋಡಿಗೆ ಒಂದು ಅಂಕ; ಆಗ ಉಳಿದವರ ಕಾಯಿ ಯಾರೂ ನೋಡುವುದಿಲ್ಲ, ಬೋರಲಾಗಿಯೇ ಕಲೆಸಿಬಿಡುತ್ತಾರೆ. ಆದರೆ ಯಾರಿಗೂ ಹಾಕಲು ಆಗದೆ ಆಟ ಕಟ್ಟಿಕೊಂಡರೆ ಅದಕ್ಕೆ ಬಂದ್ ಎನ್ನುತ್ತಾರೆ. ಬಂದ್ ಆದಾಗ ನಾಲ್ವರೂ ಕೈ ಬಿಚ್ಚಿ ತೋರಿಸಬೇಕು. ಚುಕ್ಕೆ ಎಣಿಸಿ ಯಾವ ಜೋಡಿಯದು ಕಡಿಮೆಯೋ ಅವರಿಗೆ ಎರಡು ಅಂಕ. ಅಂದರೆ ಸಾವ್ಕಾರನ ಕಡೆಯವರಿಗೆ ಒಬ್ಬನ ಕೈ ಖಾಲಿಯಾದರೆ ಸಾಕು. ನೀಲಪ್ಪನಿಗೆ ಒಂದು ಬಂದ್ ಸಿಕ್ಕರೆ ಗೋಡೆ ಅವನದು.

ಆ ಕೊನೆಯ ಆಟದಲ್ಲಿ ಸಾವ್ಕಾರ ಜೋಡಿ ಆರು ಹಾಕಿ ಶುರು ಮಾಡಿದ. ನೀಲಪ್ಪನ ಕೈಯಲ್ಲಿ ಆರೂ ಇಲ್ಲ, 'ಖಾಲಿ'ಯೂ ಇಲ್ಲ. ಮೊದಲೆರಡು ಸುತ್ತು ಬರೀ ಮೇಜು ಬಡಿಯುವುದಾಯಿತು. ಪರಪ್ಪ ಕಣ್ಣಿನಲ್ಲಿಯೇ ಬೈದ. ಆದರೆ ನೀಲಪ್ಪನ ಹತ್ತಿರ ಮೂರರ ಸಂಸಾರವೇ ಇತ್ತು, ಮೇಲೆ ಒಂದಿಷ್ಟು ಐದು. ಅವನು ಅವಸರ ಮಾಡಲಿಲ್ಲ. ನಡುವೆ ಸಾವ್ಕಾರ "ತಗೋರಿ, ಜೋಡಿ ನಾಲ್ಕು" ಎಂದು ಒಂದು ಕಾಯಿ ಬಡಿದ. ಪರಪ್ಪ ತಕ್ಷಣ ನಾಲ್ಕು-ಎರಡು ಹಾಕಿ ಆ ತುದಿಯ ನಾಲ್ಕನ್ನು ಮುಚ್ಚಿದ. ಮುಂದಿನ ಸರದಿ ವೀರಪ್ಪನದು. ಒಂದು ಕಾಯಿ ಕೈಯಲ್ಲಿ ಎತ್ತಿಕೊಂಡು ತಯಾರಾಗಿದ್ದವನು "ಚ್ಚೊ" ಎಂದು ಅದನ್ನು ಮತ್ತೆ ಕೆಳಗಿಟ್ಟು ಬೇರೆ ಕಾಯಿ ಹಾಕಿದ. ಓಹೋ, ಇವನು ನಾಲ್ಕಕ್ಕೆ ಕಾಯುತ್ತಿದ್ದಾನೆ ಎಂದು ನೀಲಪ್ಪ ಲೆಕ್ಕಕ್ಕೆ ಹಾಕಿಕೊಂಡ.

ಕೊನೆಗೆ ಮೂವರ ಕೈಯಲ್ಲಿ ಒಂದೊಂದೇ ಕಾಯಿ ಉಳಿಯಿತು. ಎರಡು ಸಲ ಪಾಸ್ ಎಂದ ನೀಲಪ್ಪನ ಕೈಯಲ್ಲಿ ನಾಲ್ಕು: ಎರಡು-ಐದು, ಮೂರು-ಐದು, ಮೂರು-ಒಂದು, ಮೂರು-ನಾಲ್ಕು. ಮೇಜಿನ ಮೇಲಿನ ಸಾಲಿಗೆ ಒಂದು ತುದಿಯಲ್ಲಿ ಎರಡು, ಇನ್ನೊಂದು ತುದಿಯಲ್ಲಿ ಮೂರು. ಸರದಿ ಅವನದು.

ಅವನು ಸಾಲಿನ ಮೇಲೆ ಒಮ್ಮೆ ಕಣ್ಣು ಹಾಯಿಸಿದ. ಹೊರಗೆ ಉಳಿದದ್ದು ಮೂರೇ ಕಾಯಿ: ಒಂದು-ನಾಲ್ಕು, ಜೋಡಿ ಖಾಲಿ, ಜೋಡಿ ಐದು. ಯಾವುದು ಯಾರ ಹತ್ತಿರ? ಹಿಂದಿನ ಸರದಿಯಲ್ಲಿ ತುದಿಗಳು ಎರಡು ಮತ್ತು ಒಂದು ಇದ್ದಾಗ ಸಾವ್ಕಾರ ತನ್ನ ಎರಡು ಕಾಯಿಗಳಲ್ಲಿ ಇದೋ ಅದೋ ಎಂದು ಬಹಳ ಹೊತ್ತು ಎತ್ತಿ ಇಳಿಸಿ, ಒಂದು-ಐದು ಹಾಕಿದ್ದ. ಒಂದೇ ಕಾಯಿ ಹೊಂದುವವನು ಯೋಚನೆ ಮಾಡುವುದಿಲ್ಲ, ಹಾಕಿಬಿಡುತ್ತಾನೆ. ಎರಡೂ ಹೊಂದುವವನಿಗೇ ಯೋಚನೆ. 'ಎರಡು' ಇರುವ ಕಾಯಿಗಳಲ್ಲಿ ಉಳಿದದ್ದು ನೀಲಪ್ಪನ ಕೈಯಲ್ಲೇ ಇರುವುದರಿಂದ ಸಾವ್ಕಾರನ ಎರಡೂ ಕಾಯಿಯಲ್ಲಿ 'ಒಂದು' ಇದ್ದಿರಬೇಕು. ಹಾಗಾದರೆ ಅವನ ಹತ್ತಿರ ಉಳಿದದ್ದು ಒಂದು-ನಾಲ್ಕು. ಅನುಮಾನವೇ ಇಲ್ಲ.

ಈಗ ಮೂರು-ಒಂದು ಹಾಕಿದರೂ, ಮೂರು-ನಾಲ್ಕು ಹಾಕಿದರೂ ಪಕ್ಕದ ಸಾವ್ಕಾರ ತನ್ನ ಕೊನೆಯ ಕಾಯಿ ಹಾಕಿ ಗೆಲ್ಲುತ್ತಾನೆ. ಐದು ತೆರೆದರೆ ಸಾವ್ಕಾರ ಪಾಸ್. ಆಮೇಲೆ ಪರಪ್ಪ. ಜೋಡಿ ಐದು ಪರಪ್ಪನ ಹತ್ತಿರ ಇದ್ದರೆ ಅಂಕ ಒಂಬತ್ತು-ಒಂಬತ್ತು. ವೀರಪ್ಪನ ಹತ್ತಿರ ಇದ್ದರೆ ಕತೆ ಮುಗಿಯಿತು. ಆದರೆ ವೀರಪ್ಪ ನಾಲ್ಕಕ್ಕೆ ಕಾಯುತ್ತಿದ್ದನಲ್ಲ? ಒಂದು-ನಾಲ್ಕು ಬಿಟ್ಟರೆ ಹೊರಗೆ ನಾಲ್ಕೇ ಇಲ್ಲ! ಅಲ್ಲಿ ಏನೋ ಕೂಡಿಬರುತ್ತಿರಲಿಲ್ಲ. ಬರದಿದ್ದರೆ ಬಿಡಲಿ ಎಂದು ನೀಲಪ್ಪ ದೇವರ ಮೇಲೆ ಭಾರ ಹಾಕಿ ಎರಡು-ಐದು ಹಾಕಿದ. ತುದಿಗಳು ಐದು ಮತ್ತು ಮೂರು.

ಸಾವ್ಕಾರ ಮೇಜು ಬಡಿದ. "ಪಾಸ್."

ನೀಲಪ್ಪ ಪರಪ್ಪನ ಮುಖ ನೋಡಿದ. ಪರಪ್ಪ ತನ್ನ ಕಾಯಿಯನ್ನು ಹಾಳು ಸಾಮಾನು ನೋಡಿದಂತೆ ನೋಡಿ ಮೇಜು ಬಡಿದ. "ಪಾಸ್."

ಮುಗಿಯಿತು. ಜೋಡಿ ಐದು ವೀರಪ್ಪನ ಹತ್ತಿರ. ಈಗ ಅವನು ಅದನ್ನು ಮೇಜಿನ ಮೇಲೆ ಬಡಿಯುತ್ತಾನೆ, ಯುವರಾಜ ಬಂದು ಮೂರನೆಯ ಸಲವೂ ಅದೇ ಹೆಸರು ಬರೆಯುತ್ತಾನೆ. ನೀಲಪ್ಪ ಬಾಯಲ್ಲಿದ್ದ ಲವಂಗ ಕಡಿದ.

ವೀರಪ್ಪ ಸಾಲಿನ ಮೇಲೆ ಬಗ್ಗಿ ನೋಡಿದ. ತನ್ನ ಕಾಯಿ ಎತ್ತಿ ಕಣ್ಣಿನ ಹತ್ತಿರ ಹಿಡಿದ. ಹೆಬ್ಬೆಟ್ಟಿನಿಂದ ಅದರ ಮೈ ಒಮ್ಮೆ ಸವರಿದ. ಅದನ್ನು ಬೋರಲಾಗಿ ಕೆಳಗಿಟ್ಟು, ಗೆಣ್ಣಿನಿಂದ ಎರಡು ಸಲ ಬಡಿದ.

"ಪಾಸ್."

ನೀಲಪ್ಪನಿಗೆ ಮೊದಲು ತನ್ನ ಲೆಕ್ಕವೇ ತಪ್ಪಿತೆನ್ನಿಸಿತು. ಮತ್ತೆ ಎಣಿಸಿದ. ಐದಿರುವ ಐದು ಕಾಯಿ ಮೇಜಿನ ಮೇಲೆ. ಮೂರು-ಐದು ತನ್ನ ಕೈಯಲ್ಲಿ. ಜೋಡಿ ಐದು ಎಲ್ಲಿಯೂ ಇಲ್ಲ, ಮೂವರೂ ಐದಕ್ಕೆ ಪಾಸ್. ಯಾರೋ ಒಬ್ಬರ ಪಾಸ್ ಸುಳ್ಳು. ಆದರೆ ಆ ಕಾಯಿ ಹಾಕಿದ್ದರೆ ಆ ಮನುಷ್ಯ ಈಗಲೇ ಗೆಲ್ಲುತ್ತಿದ್ದ! ಮೋಸ ಮಾಡುವವನು ಗೆಲ್ಲುವುದಕ್ಕೆ ಮಾಡುತ್ತಾನೆ, ಸೋಲುವುದಕ್ಕೆ ಯಾರು ಮಾಡುತ್ತಾರೆ?

ಆಗ ಅವನಿಗೆ ಎಲ್ಲ ಒಮ್ಮೆಲೇ ಹೊಳೆಯಿತು. ಹೋದ ವಾರ ವೀರಪ್ಪ ನಾಲ್ಕಿನ ತುದಿಗೆ ಐದು ಹಚ್ಚಿದ್ದ, ಎಲ್ಲರೂ ನಕ್ಕರು, ಬೆಳಕು ಸರಿಯಿಲ್ಲ ಎಂದಿದ್ದ. ಅಂಗಡಿಯ ಹಲಗೆಯ ಮೇಲಿನ ದರವನ್ನು ಇತ್ತೀಚೆಗೆ ಅವನು ತಾನು ಓದದೆ ಸಾವ್ಕಾರನನ್ನು ಕೇಳುತ್ತಿದ್ದ. ಐದಕ್ಕೂ ನಾಲ್ಕಕ್ಕೂ ಇರುವ ವ್ಯತ್ಯಾಸ ನಡುವಿನ ಒಂದು ಚುಕ್ಕೆ. ಬಣ್ಣ ಹಾರಿದ ಆ ಚುಕ್ಕೆ ವೀರಪ್ಪನ ಕಣ್ಣಿಗೆ ಕಾಣುತ್ತಿಲ್ಲ. ಜೋಡಿ ಐದನ್ನು ಜೋಡಿ ನಾಲ್ಕೆಂದು ತಿಳಿದು, ಪಾಪ, ಆಗಿನಿಂದ ನಾಲ್ಕಕ್ಕೆ ಕಾಯುತ್ತ ಕೂತಿದ್ದಾನೆ. ಕಣ್ಣಿನಿಂದಲೇ ಹೊಟ್ಟೆ ಹೊರೆಯುವ ಮನುಷ್ಯ, ಕಣ್ಣು ಹೋಗುತ್ತಿರುವುದನ್ನು ಯಾರಿಗೂ ಹೇಳಿಲ್ಲ.

"ಆಡಲೇ ನೀಲಪ್ಪಾ, ನಿದ್ದಿ ಹತ್ತಿತೇನು?" ಎಂದ ಪರಪ್ಪ.

ಮೂರು-ಐದು ಹಾಕಿದರೆ ಎರಡೂ ತುದಿಗೆ ಐದು. ಸಾವ್ಕಾರ ಪಾಸ್, ಪರಪ್ಪ ಪಾಸ್, ವೀರಪ್ಪ ಮತ್ತೆ ಪಾಸ್ ಎನ್ನುತ್ತಾನೆ. ಬಂದ್. ನೀಲಪ್ಪನ ಕೈಯಲ್ಲಿ ಹನ್ನೊಂದು ಚುಕ್ಕೆ, ಪರಪ್ಪನದು ಜೋಡಿ ಖಾಲಿ, ಅಂದರೆ ಸೊನ್ನೆ. ಆ ಕಡೆ ಸಾವ್ಕಾರನ ಐದು, ವೀರಪ್ಪನ ಹತ್ತು. ಎರಡು ಅಂಕ, ಆಟ, ಗೋಡೆ, ಎಲ್ಲ ಅವನ ಕೈಯಲ್ಲಿತ್ತು. ಬಾಯಿ ತೆಗೆಯಬೇಕಾಗಿಯೂ ಇರಲಿಲ್ಲ. ಆದರೆ ಬಂದ್ ಆದರೆ ಕೈ ಬಿಚ್ಚಬೇಕು. ಎರಡೂ ತುದಿಯಲ್ಲಿ ಐದು ಕೂತಿರುವಾಗ ವೀರಪ್ಪ ತನ್ನ ಕೈಯಿಂದಲೇ ಜೋಡಿ ಐದನ್ನು ತಿರುಗಿಸಿ ಇಡುತ್ತಾನೆ. ಕಾಯಿದೆ ಮಾಡಿದವನೇ ಕಾಯಿದೆಗೆ ಸಿಕ್ಕು ಎದ್ದು ಹೋಗಬೇಕು. ಅದೂ ಹತ್ತಿ ನೋಡಲು ತನ್ನನ್ನು ಕರೆಯುವ ಸಾವ್ಕಾರನ ಎದುರಿಗೆ. ಸಂಜೆಯೊಳಗೆ ಮಾರುಕಟ್ಟೆ ತುಂಬ ಸುದ್ದಿ.

ನೀಲಪ್ಪ ಗೋಡೆಯ ಕಡೆ ನೋಡಲಿಲ್ಲ. ನೋಡಿದ್ದರೆ ಕೈ ತಪ್ಪುತ್ತಿತ್ತೇನೋ. ಮೂರು-ಒಂದು ಎತ್ತಿ ಮೂರಕ್ಕೆ ಹಚ್ಚಿದ.

"ಹಾಂ!" ಎಂದು ಸಾವ್ಕಾರ ಕುರ್ಚಿಯಿಂದ ಅರ್ಧ ಎದ್ದು ತನ್ನ ಕೊನೆಯ ಕಾಯಿ ಬಡಿದ. "ಒಂದು-ನಾಲ್ಕು! ಹತ್ತಾತು! ಯುವರಾಜಗ ಫೋನ್ ಹಚ್ರಿ!"

"ಅಯ್ಯ ನಿನ್ನ!" ಎಂದು ಪರಪ್ಪ ತನ್ನ ಕಾಯಿ ತಿರುವಿ ಹಾಕಿದ. "ಜೋಡಿ ಖಾಲಿ ಹಿಡಕೊಂಡು ಭಿಕ್ಷಾ ಬೇಡೋರ್ಗತೆ ಕುಂತೇನಿ ನಾ. ಒಂದು ಯಾಕ ತಗದಿ? ಇದ್ದ ಮೂರು ಕಾಯಿಯೊಳಗ ಬಂದ್ ಮಾಡೋದು ಒಂದೂ ಇರಲಿಲ್ಲೇನು?"

ನೀಲಪ್ಪ ಅಷ್ಟರಲ್ಲಿ ಎರಡೂ ಕೈಯಿಂದ ಮೇಜಿನ ಮೇಲಿನ ಕಾಯಿಗಳನ್ನು ಬಳಿದು, ವೀರಪ್ಪನ ಮುಂದೆ ಬೋರಲಾಗಿದ್ದ ಕಾಯಿಯನ್ನೂ ತನ್ನವನ್ನೂ ಸೇರಿಸಿ ಗರಗರ ಕಲೆಸಿಬಿಟ್ಟಿದ್ದ.

"ಲೆಕ್ಕ ತಪ್ತು" ಎಂದ.

ಸಾವ್ಕಾರ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಂದಿ? ಇನ್ನೊಮ್ಮೆ ಹೇಳು! ನೀಲಪ್ಪನ ಲೆಕ್ಕ ತಪ್ತಂತ! ಯುವರಾಜಗ ಹೇಳಿ ಇದನ್ನೂ ಗ್ವಾಡಿ ಮ್ಯಾಲೆ ಬರಸ್ತೇನಿ."

"ಬರಸ್ರಿ ಸಾವ್ಕಾರ್ರ" ಎಂದ ನೀಲಪ್ಪ. ನಗಲು ನೋಡಿದ, ಮುಖ ಒಪ್ಪಲಿಲ್ಲ. ಒಳ್ಳೆಯ ಕೆಲಸ ಮಾಡಿದವರಿಗೆ ಮನಸ್ಸು ಹಗುರಾಗುತ್ತದೆ ಎಂದು ಯಾರು ಹೇಳಿದರೋ ಅವರು ಹತ್ತು ಅಂಕದ ಆಟ ಹೀಗೆ ಬಿಟ್ಟುಕೊಟ್ಟಿರಲಿಕ್ಕಿಲ್ಲ.

ವೀರಪ್ಪ ಮಾತ್ರ ನಗಲಿಲ್ಲ. ಚಹಾ ಬಂತು, ಕುಡಿದ. ಪರಪ್ಪ ಬೈಯುತ್ತಲೇ ಎದ್ದು ಹೋದ. ಹೊರಟಾಗ ವೀರಪ್ಪ, "ನೀಲಪ್ಪಾ, ಸ್ಟ್ಯಾಂಡಿನ ತನಕ ಬಾ. ಮುರಗೋಡ ಬಸ್ಸಿಗೆ ಬಿಟ್ಟು ಹೋಗೀಯಂತ" ಎಂದ.

ಇಬ್ಬರೂ ಮಾರುಕಟ್ಟೆಯ ಗೇಟು ದಾಟಿ ನಡೆದರು. ಕಬ್ಬಿನ ಹಾಲಿನ ಗಾಡಿಯ ಹತ್ತಿರ ವೀರಪ್ಪ ನಿಂತುಬಿಟ್ಟ.

"ಸಾವ್ಕಾರನ ಕೈಯಾಗ ಒಂದು-ನಾಲ್ಕು" ಎಂದ. "ಪರಪ್ಪನ ಕೈಯಾಗ ಜೋಡಿ ಖಾಲಿ. ನಿನ್ನ ಕೈಯಾಗ?"

"ಯಾಕ ಬಿಡೋ ಮಾರಾಯ, ಮುಗದ ಹೋದ ಆಟ."

"ಕೇಳಾಕತ್ತೇನಲ್ಲ, ಹೇಳು."

"ಎಲ್ಲಾ ಮೂರು. ಮೂರು-ನಾಲ್ಕು, ಮೂರು-ಐದು."

"ಮೂರು-ಐದು ಇತ್ತು. ಬಂದ್ ಮಾಡಲಿಲ್ಲ." ವೀರಪ್ಪ ಬೆರಳು ಮಡಚುತ್ತ ನಿಂತ. "ಜೋಡಿ ನಾಲ್ಕು ಸಾವ್ಕಾರ ಮೊದಲ ಹಾಕಿದ್ದ, ಒದರಿ ಹಾಕಿದ್ದ. ಚಹಾ ಕುಡಿಯೋ ಮುಂದ ನೆನಪಾತು. ಒಂದು ಡಬ್ಬಿಯೊಳಗ ಎರಡು ಜೋಡಿ ನಾಲ್ಕು ಇರಾಂಗಿಲ್ಲ. ಹಂಗಾರ ನನ್ನ ಕೈಯಾಗ ಇದ್ದದ್ದು ಏನೋ?"

ನೀಲಪ್ಪ ಮುಖ ತಿರುಗಿಸಿ ಕಬ್ಬಿನ ಗಾಣ ನೋಡತೊಡಗಿದ. ಎದುರಿಗೆ ಗಾಡಿಯವನು ಗಿಜಿಗಿಜಿ ಎಂದು ಕಬ್ಬು ತಿರುವುತ್ತಿದ್ದ.

"ದಿನಾ ಕೇಳದನ ಹೇಳ್ತಿದ್ದಿ. ಇವತ್ತ ಕೇಳಾಕತ್ತೇನಿ, ಬಾಯಿ ಯಾಕ ಕಟ್ತು?"

"ಜೋಡಿ ಐದು" ಎಂದ ನೀಲಪ್ಪ. ತನ್ನ ಜನ್ಮದಲ್ಲಿ ಒಬ್ಬರ ಕಾಯಿಯನ್ನು ಅಷ್ಟು ಮೆತ್ತಗೆ ಅವನು ಹೇಳಿರಲಿಲ್ಲ.

ವೀರಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ನೀರು ಬಂದಿತ್ತೋ ಮಂಜು ಒರೆಸಿದನೋ ನೀಲಪ್ಪನಿಗೆ ತಿಳಿಯಲಿಲ್ಲ. "ದೀಪಾವಳಿಯಿಂದ ಹಿಂಗ ಐತಿ" ಎಂದ. "ಹತ್ತಿ ಎಳಿ ಕೈಗೆ ಗೊತ್ತಾಕ್ಕೈತಿ. ಬಣ್ಣ ಅಂದಾಜಿಲೆ ಹೇಳಾಕತ್ತೇನಿ. ಇನ್ನೂ ಯಾರಿಗೂ ಖೊಟ್ಟಿ ಹೇಳಿಲ್ಲ. ಆದ್ರ ಯಾವತ್ತರ ಒಂದಿನ ಒಬ್ಬ ರೈತಗ ತಪ್ಪು ಹೇಳತೇನಿ, ಅವನ ಮಾಲು ಹಾಳಾಕ್ಕೈತಿ. ಇದು ಗೊತ್ತಿದ್ದೂ ಸುಮ್ನಿದ್ನಿ. ಮತ್ತ ಆ ಮೇಜಿನ ಮ್ಯಾಲೆ ದೊಡ್ಡದಾಗಿ ಕಾಯಿದೆ ಮಾಡಿದಾಂವ ನಾನ."

"ಕಣ್ಣಿಗೆ ಪರೆ ಬಂದಿರತೈತಿ, ಅಷ್ಟ. ಆಪರೇಶನ್ ಮಾಡಿಸ್ಕೊಂಡ್ರ ಆತು. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ."

"ನೀ ಬಿಡಬ್ಯಾಡ" ಎಂದ ವೀರಪ್ಪ. "ಅದು ನನ್ನ ಕಾಯಿ. ನಾನ ಬಿಚ್ಚತೇನಿ."

ರಸ್ತೆ ದಾಟುವಾಗ ವೀರಪ್ಪ ನೀಲಪ್ಪನ ಮುಂಗೈ ಹಿಡಿದುಕೊಂಡ. ಮೊದಲ ಸಲ ಹಿಡಿದದ್ದಲ್ಲ. ಆದರೆ ಅದು ಸ್ನೇಹಕ್ಕಷ್ಟೇ ಅಲ್ಲವೆಂದು ನೀಲಪ್ಪನಿಗೆ ಈಗ ತಿಳಿದಿತ್ತು. ಬಸ್ಸಿನ ಬೋರ್ಡು ಓದಿ ಹೇಳಿ, ಹತ್ತಿಸಿ, ಕಿಟಕಿಯ ಹತ್ತಿರ ಕೂಡಿಸಿ ಬಂದ.

ಮರುದಿನ ಮಧ್ಯಾಹ್ನ ವೀರಪ್ಪ ಕೋಣೆಗೆ ಬಂದವನು ಕೂಡಲಿಲ್ಲ. ಕುರ್ಚಿಯ ಹಿಂದೆ ನಿಂತು, ನಿನ್ನೆ ತನ್ನ ಕೈಯಲ್ಲಿ ಜೋಡಿ ಐದಿತ್ತು, ತಾನು ಪಾಸ್ ಎಂದೆ, ಕಾಣಲಿಲ್ಲ ಎಂದು ಮೂರು ಮಾತಿನಲ್ಲಿ ಹೇಳಿದ. "ಕಣ್ಣ ತಪ್ತು ಅಂತ ಹೇಳಬಾರ್ದು ಅಂದಾಂವ ನಾನ. ಅದಕ್ಕ ಹೇಳಂಗಿಲ್ಲ. ಸಾವ್ಕಾರ, ಹತ್ತಿ ನೋಡಾಕ ಇನ್ನೊಬ್ಬರನ್ನ ನೋಡ್ಕೋ. ನಾ ಬರತೇನಿ."

ಪರಪ್ಪ ನೀಲಪ್ಪನ ಕಡೆ ತಿರುಗಿದ. ನಿನ್ನೆ ಬೈದದ್ದೆಲ್ಲ ಅವನ ಮುಖದ ಮೇಲೆಯೇ ವಾಪಸು ಬರುತ್ತಿತ್ತು. "ಲೇ, ನಿನಗ ಗೊತ್ತಿತ್ತು!" ಎಂದ. ನೀಲಪ್ಪ ಡಬ್ಬಿಯ ಮುಚ್ಚಳ ಒರೆಸುತ್ತ ಕೂತ.

ಸಾವ್ಕಾರ ವ್ಯಾಪಾರಿ ಮನುಷ್ಯ, ಮೊದಲು ಅವನಿಗೆ ನೆನಪಾದದ್ದು ಈ ಹಂಗಾಮಿನ ಹತ್ತಿಯೇ ಇರಬೇಕು. ಆದರೆ ಬಾಯಿಗೆ ಬಂದದ್ದು ಬೇರೆ. "ಎಳಿ ನೋಡಾಕ ಕೈ ಅದಾವಲ್ಲ ನಿನಗ? ಬಣ್ಣ ನಾ ನೋಡತೇನಿ, ಆಪರೇಶನ್ ಆಗೋ ತನಕ. ಕಾಯಿದೆ ಇರೂದು ಕಂಡು ಸುಳ್ಳು ಹೇಳಾವ್ರಿಗೆ. ಕುಂದ್ರ ಮೊದಲ."

"ನೀ ಎದ್ದಿ ಅಂದ್ರ ನಾಲ್ಕನೇದಾಂವ ಯಾರು?" ಎಂದ ಪರಪ್ಪ. "ಈ ನೀಲಪ್ಪನ ಜೋಡಿ ಆಡಾಕ ಊರಾಗ ಯಾರೂ ಒಲ್ಲರು."

ವೀರಪ್ಪ ಕೂತ, ಆದರೆ ಆಡಲಿಲ್ಲ. ಆಡುವುದು ಕಣ್ಣಾದ ಮೇಲೆಯೇ ಎಂದ. ಗೋಡೆಯ ಮೇಲಿನ ಹೆಸರು ಅಳಿಸಿ ನೀಲಪ್ಪನದು ಬರೆಸುತ್ತೇನೆಂದು ಹಟ ಹಿಡಿದ. ಯುವರಾಜ ಮುಂಜಾನೆಯೇ ಬಂದು ಬರೆದು ಹೋಗಿದ್ದ, ಬಣ್ಣವೂ ಒಣಗಿತ್ತು. "ಬ್ಯಾಡೋ" ಎಂದ ನೀಲಪ್ಪ. "ನೀ ಕಾಯಿ ಹಾಕಿದ್ರೂ ನೀವ ಗೆಲ್ತಿದ್ರಿ. ಲೆಕ್ಕ ಸರಿ ಐತಿ." ಅದು ನಿಜವೂ ಆಗಿತ್ತು. ಹೇಳಿದ ಮೇಲೆ ಅವನ ಮನಸ್ಸೂ ಸ್ವಲ್ಪ ಹಗುರಾಯಿತು.

ಬೆಳಗಾವಿಯ ಕಣ್ಣಿನ ಆಸ್ಪತ್ರೆಗೆ ನಾಲ್ವರೂ ಸಾವ್ಕಾರನ ಗಾಡಿಯಲ್ಲಿ ಹೋದರು. ಪರಪ್ಪ ಓಡಿಸಿದ, ದಾರಿಯುದ್ದಕ್ಕೂ ಎದುರಿನ ಬಸ್ಸುಗಳ ಡ್ರೈವರುಗಳಿಗೆ ಬುದ್ಧಿ ಹೇಳುತ್ತ. ಆಪರೇಶನ್ನಿನ ಮರುದಿನ ಪಟ್ಟಿ ಬಿಚ್ಚುವಾಗ ಒಳಗೆ ಒಬ್ಬರೇ ಬರಬಹುದು ಎಂದರು. ವೀರಪ್ಪ ಯಾರನ್ನೂ ಕೇಳದೆ ನೀಲಪ್ಪನ ಮುಂಗೈ ಹಿಡಿದ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಪಟ್ಟಿ ತೆಗೆದು, ಔಷಧ ಹಾಕಿ, ಒರೆಸಿ, ಸ್ವಲ್ಪ ದೂರ ಹೋಗಿ ನಿಂತು ಕೈ ಎತ್ತಿದಳು. "ಎಷ್ಟು ಬೆರಳು ಹೇಳ್ರಿ ಅಜ್ಜಾರ."

ಉತ್ತರ ನೀಲಪ್ಪನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅವನು ತುಟಿ ಬಿಗಿಹಿಡಿದ. ವೀರಪ್ಪ ಕಣ್ಣು ಪಿಳುಕಿಸಿದ, ಮತ್ತೆ ಪಿಳುಕಿಸಿದ, ಹತ್ತಿಯ ಮಾಲು ನೋಡುವವನಂತೆ ಸಾವಕಾಶವಾಗಿ ಆ ಕೈಯನ್ನು ನೋಡಿದ.

"ನಾಲ್ಕು" ಎಂದ. "ಐದಲ್ಲವಾ, ನಾಲ್ಕ. ಹೆಬ್ಬಟ್ಟು ಒಳಗ ಮಡಚೀರಿ."

ನೀಲಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಟವೆಲ್ಲಿನಲ್ಲಿ ಮೂಗು ಒರೆಸಿಕೊಂಡ. ಹೊರಗೆ ಕಾಯುತ್ತಿದ್ದ ಇಬ್ಬರೂ ಏನಾಯಿತು, ಏನಾಯಿತು ಎಂದು ಕೇಳಿದಾಗಲೂ ಅವನ ಬಾಯಿಂದ ಮಾತು ಹೊರಡಲಿಲ್ಲ, ವೀರಪ್ಪನೇ ಹೇಳಬೇಕಾಯಿತು.